ಮಗಳ ಡೈಪರ್ ಜಾಗದ ಕೆಂಪು, ನಡುವೆ ಒಂದು ಬಿಳಿ ಗೆರೆ: ನನ್ನ ಅನುಭವ

ಕಾರವಾರದ ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗಿಸುವ ಪಾಡು ಹೇಳಬೇಕಾಗಿಲ್ಲ. ಜುಲೈನಲ್ಲಿ 14 ತಿಂಗಳ ಮಗಳಿಗೆ ಹಗಲೂ ರಾತ್ರಿ ಡೈಪರೇ ಆಗಿತ್ತು. ಮೊದಲು ಕೆಂಪಾಯಿತು, ನಾಲ್ಕೇ ದಿನಕ್ಕೆ ಚರ್ಮ ಸುಲಿದು ಹುಣ್ಣಾಯಿತು. ಪೌಡರ್, ಪರಿಮಳದ ವೈಪ್ಸ್, ತೆಂಗಿನೆಣ್ಣೆ ಎಲ್ಲ ಮಾಡಿ ನೋಡಿದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಒಂದು ಟ್ಯೂಬಿಗೆ ಕೆಂಪು ಎರಡೇ ದಿನದಲ್ಲಿ ಇಳಿಯಿತು. ಬಿಟ್ಟ ಮೇಲೆ ಮೊದಲಿಗಿಂತ ಜೋರಾಗಿ ಬಂತು. ಅದರಲ್ಲಿ ಸ್ಟೆರಾಯ್ಡ್ ಬೆರೆತಿತ್ತು ಅಂತ ಆಮೇಲೆ ತಿಳಿಯಿತು. ಹೀಗೆ 1500 ರೂಪಾಯಿಯಷ್ಟು ದಂಡ.

ತೊಳೆಯುವಾಗ ಇನ್ನೊಂದು ಕಂಡಿತು: ಉಚ್ಚೆ ಜಾಗದ ಒಳತುಟಿಗಳು ನಡುವೆ ಅಂಟಿಕೊಂಡು ತೆಳ್ಳಗಿನ ಬಿಳಿಚು ಗೆರೆ. ಅತ್ತೆ ಗಾಬರಿಯಾಗಿ, "ದಾರಿಯೇ ಮುಚ್ಚಿದೆ, ಎಣ್ಣೆ ಹಚ್ಚಿ ಬೆರಳಲ್ಲಿ ಬಿಡಿಸು ತಂಗಿ" ಅಂದರು. ನಾನು ಒಪ್ಪಲಿಲ್ಲ. ಎಳೆದರೆ ಹರಿದು ಗಾಯವಾಗಿ ಮತ್ತೆ ಗಟ್ಟಿಯಾಗಿ ಅಂಟುತ್ತದೆ.

ಮಕ್ಕಳ ಡಾಕ್ಟರ್ ನೋಡಿ, ಇವು ಎರಡು ಬೇರೆ ಬೇರೆ ತೊಂದರೆ ಅಂದರು. ಒದ್ದೆಯಿಂದ ಬರುವ ಕೆಂಪು ಡೈಪರ್ ತಾಗುವ ಉಬ್ಬಿದ ಜಾಗದಲ್ಲಿರುತ್ತದೆ, ಸಂದಿ ಚೆನ್ನಾಗಿಯೇ ಇರುತ್ತದೆ. ನಮ್ಮವಳಿಗೆ ತೊಡೆಸಂದಿಯೂ ಕಡುಗೆಂಪಾಗಿ, ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆ ಎದ್ದಿತ್ತು. ಅದು ಫಂಗಸ್. ಗೆರೆ ಮಾತ್ರ ಅಂಟಿಕೆ. ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಕಡಿಮೆ, ಅದರ ಮೇಲೆ ಉರಿಯೂತವಾದರೆ ತೆಳು ಚರ್ಮ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಹೆಚ್ಚಿನವರಿಗೆ ತಾನಾಗಿ ಬಿಡುತ್ತದೆ. ಉಚ್ಚೆ ಸಲೀಸಾಗಿ ಬರುತ್ತಿದ್ದುದರಿಂದ ಅದಕ್ಕೆ ಔಷಧಿಯೇ ಬೇಡ ಅಂದರು.

ಫಂಗಸ್‌ಗೆ ಡಾಕ್ಟರ್ ಬರೆದ ಕ್ಲೋಟ್ರಿಮಜೋಲ್ ದಿನಕ್ಕೆ ಎರಡು ಸಲ, ಹತ್ತು ದಿನದ ಹಾಗೆ ಹಚ್ಚಿದೆ. ಉಳಿದದ್ದು ನನ್ನ ಹಟ. ಪ್ರತಿ ಸಲ ಬರೀ ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸುವುದು, ಹತ್ತು ನಿಮಿಷ ಡೈಪರಿಲ್ಲದೆ ಗಾಳಿ, ಮೇಲೆ ಜಿಂಕ್ ಆಕ್ಸೈಡ್ ಕ್ರೀಮ್ ದೋಸೆಗೆ ಬೆಣ್ಣೆ ಹಚ್ಚಿದಷ್ಟು ದಪ್ಪ. ಮುಂದಿನ ಸಲ ಕೊಳೆಯಾದ ಮೇಲ್ಪದರ ಮಾತ್ರ ತೆಗೆಯಬೇಕು. ಪೂರ್ತಿ ಉಜ್ಜಿ ತೆಗೆದರೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಅವಳನ್ನು ಹತ್ತು ನಿಮಿಷ ಅಲುಗದೆ ಮಲಗಿಸುವ ಗುಟ್ಟು ಮಾತ್ರ ಹೇಳುವುದಿಲ್ಲ!

"ಮಳೆಗಾಲದಲ್ಲಿ ಬರಿಮೈಯಾ?" ಅಂತ ಎಲ್ಲರೂ ಬೈದರು. ಮೂರನೇ ದಿನ ಹುಣ್ಣು ಒಣಗಿತು, ಎರಡನೇ ವಾರಕ್ಕೆ ಚರ್ಮ ಸರಿಯಾಯಿತು.

ನಡುವೆ ಬಟ್ಟೆ ಲಂಗೋಟಿಗೂ ಹೋದೆ. ಬಚ್ಚಲೊಲೆಯ ಮೇಲೆ ಒಣಗಿಸಿದೆ. ಒಂದನ್ನು ಬರೀ ನೀರಲ್ಲಿ ಅದ್ದಿ ಹಿಂಡಿದರೆ ನೊರೆ ಬಂತು, ಸೋಪು ಹೋಗಿರಲೇ ಇಲ್ಲ. ಆಮೇಲೆ ಮೂರು ನೀರಲ್ಲಿ ಜಾಲಾಡಿಸಿದೆ.

ಗೆರೆ ನಿಧಾನಕ್ಕೆ ಬಿಡುತ್ತಿದೆ, ಮುಕ್ಕಾಲು ಬಿಟ್ಟಿದೆ. ಬಿಟ್ಟ ಕಡೆ ಮತ್ತೆ ಕೂಡದಿರಲಿ ಅಂತ ರಾತ್ರಿ ವ್ಯಾಸಲಿನ್ ಸವರುತ್ತೇನೆ. ಉಚ್ಚೆ ಮಾಡಲು ಅತ್ತರೆ, ಎದ್ದ ಮೇಲೂ ತೊಟ್ಟಿಕ್ಕಿದರೆ, ಜ್ವರ, ಕೀವು, ನೀರುಗುಳ್ಳೆ ಕಂಡರೆ ಕಾಯದೆ ಬಾ ಅಂದಿದ್ದಾರೆ ಡಾಕ್ಟರ್.