ಎಂಬತ್ತೆಂಟು ರೂಪಾಯಿ, ಎರಡು ಸಲ ಎಣಿಸಿ

ನೋಟು ಕೊಡುವ ಮೊದಲು ಎರಡು ಸಲ ಎಣಿಸಬೇಕು ಅಂತ ಕಲಿಸಿದ್ದು ನನ್ನಮ್ಮ. ಹೆಬ್ಬೆರಳಿನಿಂದ ಒಂದೊಂದೇ ಸರಿಸಿ, ಹೊಸ ನೋಟು ಒಂದಕ್ಕೊಂದು ಅಂಟಿದ್ದರೆ ಉಜ್ಜಿ ನೋಡಿ, ಆಮೇಲೆ ಕೊಡುತ್ತೇನೆ. ಎಪ್ಪತ್ತೊಂದು ವರ್ಷವಾದರೂ ಅದು ತಪ್ಪಿಲ್ಲ. ಫೋನಿನಲ್ಲಿ ದುಡ್ಡು ಕೊಡೋಕೆ ನಾನು ಹಿಂಜರಿಯುತ್ತಿದ್ದದ್ದೂ ಇದೇ ಕಾರಣಕ್ಕೆ. ಅದರಲ್ಲಿ ಎಣಿಸೋದು ಎಲ್ಲಿ?

ಆದರೆ ಚಿಲ್ಲರೆ ಸಿಗದೆ ಸಾಕಾಗಿತ್ತು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಗೆ ಬೆಳಿಗ್ಗೆ ಎಂಟಕ್ಕೆ ತರಕಾರಿ ಗಾಡಿ ಬರುತ್ತದೆ. ನೂರರ ನೋಟು ಕೊಟ್ಟರೆ ಗಾಡಿಯವನು ಜೇಬು ತಡಕುತ್ತಾನೆ, ಕೊನೆಗೆ ಬಾಕಿಗೆ ಹಸಿಮೆಣಸಿನಕಾಯಿ ಹಾಕುತ್ತಾನೆ. ಇಲ್ಲವೇ, "ನಾಳೆ ಕೊಡ್ತೀನಿ ಅಮ್ಮ" ಅನ್ನುತ್ತಾನೆ. ನಾಳೆ ಇಬ್ಬರಿಗೂ ಮರೆತಿರುತ್ತದೆ.

ರಜೆಗೆ ಬಂದ ಮೊಮ್ಮಗಳನ್ನೇ ಕೂರಿಸಿಕೊಂಡೆ. ಪಿಂಚಣಿ ಬರುವ ಖಾತೆ ಬೇಡ ಅಂತ ಮೊದಲೇ ಹೇಳಿದೆ. ಇನ್ನೊಂದು ಬ್ಯಾಂಕಿನ ಹಳೇ ಖಾತೆಯಲ್ಲಿ ಎರಡು ಸಾವಿರ ಇಟ್ಟು ಅದನ್ನೇ ಫೋನಿಗೆ ಜೋಡಿಸಿದೆವು. ಮೊದಲ ಸಲ ಆಗಲಿಲ್ಲ. ನನ್ನ ಫೋನಿನಲ್ಲಿ ಎರಡು ಸಿಮ್ ಇವೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿಂದಲೇ ಒಂದು ಮೆಸೇಜ್ ಹೋಗಬೇಕಂತೆ, ನಾವು ಇನ್ನೊಂದನ್ನು ಒತ್ತಿದ್ದೆವು. ಸರಿಯಾದ ಸಿಮ್ ಆರಿಸಿದ ಮೇಲೆ ಖಾತೆ ತಾನಾಗೇ ಕಾಣಿಸಿತು. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು ವರ್ಷ, ಆಮೇಲೆ ಫೋನಿಗೆ ಬಂದ ಒಟಿಪಿ, ಇಷ್ಟು ಹಾಕಿದ ಮೇಲೆ ಯುಪಿಐ ಪಿನ್ ಇಟ್ಟುಕೊಳ್ಳಿ ಅಂತ ಬಂತು. ಮೊಮ್ಮಗಳು ಕಿಟಕಿ ಕಡೆ ತಿರುಗಿ ನಿಂತಳು. "ನಂಗೂ ಹೇಳ್ಬೇಡಿ ಅಜ್ಜಿ" ಅಂದಳು. ಇವತ್ತಿಗೂ ಅದು ನನಗೊಬ್ಬಳಿಗೇ ಗೊತ್ತು.

ಆಮೇಲೆ ಅಭ್ಯಾಸ. ಅವಳು ನನಗೆ ಒಂದು ರೂಪಾಯಿ ಕಳಿಸಿದಳು. ನಾನು ಏನನ್ನೂ ಒತ್ತಲಿಲ್ಲ, ಪಿನ್ ಕೇಳಲಿಲ್ಲ, ದುಡ್ಡು ಸುಮ್ನೆ ಬಂದು ಬಿತ್ತು. ಅದನ್ನೇ ನಾನು ವಾಪಸ್ ಕಳಿಸುವಾಗ ಮಾತ್ರ ಪಿನ್ ಕೇಳಿತು. "ದುಡ್ಡು ಬರೋದಕ್ಕೆ ಪಿನ್ ಹಾಕಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಕಟ್ ಮಾಡ್ಬಿಡಿ" ಅಂದಳು. ಕಣ್ಣಾರೆ ನೋಡಿದ್ದರಿಂದ ಅದು ಮನಸ್ಸಿನಲ್ಲಿ ಕೂತಿತು. ಕೊಡೋಕೆ ಅಥವಾ ಖಾತೆಯಲ್ಲಿ ಎಷ್ಟಿದೆ ಅಂತ ನೋಡೋಕೆ ಪಿನ್ ಬೇಕು, ತಗೊಳ್ಳೋಕೆ ಬೇಡ.

ಇಷ್ಟು ಕಲಿತರೂ ಗಾಡಿ ಹತ್ತಿರ ಹೋಗೋಕೆ ತಡವಾಯಿತು. ಅದು 2025ರ ಜುಲೈ. ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಿತ್ತು. ನಮ್ಮ ಗಾಡಿಯವನೂ ಹೆದರಿ ಕೋಡ್ ಇರುವ ರಟ್ಟನ್ನು ಬಿಚ್ಚಿಟ್ಟಿದ್ದ. ತಾಜಾ ತರಕಾರಿಗೆ ಆ ತೆರಿಗೆ ಇಲ್ಲ. ಯಾರೋ ತಿಳಿಸಿ ಹೇಳಿದ ಮೇಲೆ ಮತ್ತೆ ಕಟ್ಟಿದ. ಪಾಪ, ಅವನ ಹೆದರಿಕೆ ಸುಳ್ಳಲ್ಲ.

ಶ್ರಾವಣದ ಒಂದು ಶುಕ್ರವಾರ ಒಬ್ಬಳೇ ಹೋದೆ. ಒಂದು ಕೆಜಿ ಟೊಮೆಟೊ ಇಪ್ಪತ್ತೆಂಟು, ಅರ್ಧ ಕೆಜಿ ಹುರುಳಿಕಾಯಿ ಮೂವತ್ತೈದು, ದಂಟಿನ ಸೊಪ್ಪು ಒಂದು ಕಟ್ಟು ಹದಿನೈದು, ಕೊತ್ತಂಬರಿ ಹತ್ತು. ಒಟ್ಟು ಎಂಬತ್ತೆಂಟು.

"ಫೋನಲ್ಲಿ ಕೊಡ್ತೀನಪ್ಪ" ಅಂದೆ.

"ಓಹ್, ಕೊಡಿ ಅಮ್ಮ!" ಅಂತ ರಟ್ಟನ್ನು ನನ್ನ ಕಡೆ ತಿರುಗಿಸಿದ.

ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿದ್ದ. ಅದರ ಮೇಲೆ ಬಿಸಿಲು ಹೊಳೆದು ಫೋನ್ ಕೋಡನ್ನು ಹಿಡಿಯಲೇ ಇಲ್ಲ. ನಾನು ಇನ್ನೂ ಹತ್ತಿರ ಹಿಡಿದೆ, ಆಗಲೂ ಇಲ್ಲ. ಹತ್ತಿರ ಹೋದಷ್ಟೂ ಮಸುಕು. ಮೊಮ್ಮಗಳು ಹೇಳಿದ್ದು ನೆನಪಾಯಿತು, ಒಂದು ಗೇಣು ದೂರ, ನಾಲ್ಕು ಮೂಲೆಯೂ ಚೌಕದೊಳಗೆ ಕಾಣಬೇಕು. ಪಕ್ಕಕ್ಕೆ ಸರಿದು ನನ್ನ ನೆರಳು ರಟ್ಟಿನ ಮೇಲೆ ಬೀಳುವ ಹಾಗೆ ನಿಂತೆ. ಟಕ್ ಅಂತ ಹಿಡಿಯಿತು.

ಪರದೆ ಮೇಲೆ ಒಂದು ಹೆಂಗಸಿನ ಹೆಸರು ಬಂತು. ನನ್ನ ಕೈ ಅಲ್ಲೇ ನಿಂತಿತು. "ಇದು ಯಾರಪ್ಪ?" ಅಂತ ಹೆಸರು ಓದಿ ಹೇಳಿದೆ.

"ನಮ್ಮನೆಯೋರು ಅಮ್ಮ. ಖಾತೆ ಅವಳ ಹೆಸರಲ್ಲೇ ಇರೋದು."

ಕೇಳಿದ್ದಕ್ಕೆ ಅವನಿಗೆ ಬೇಜಾರಾಗಲಿಲ್ಲ. ಕೇಳಲೇಬೇಕು. ಅಂಗಡಿಯವರ ಕೋಡಿನ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿ ಹೋಗುವುದುಂಟು. ಅಂಟಿಸಿದ್ದು ರಟ್ಟು ನೋಡಿದರೆ ಗೊತ್ತಾಗುವುದಿಲ್ಲ, ಪರದೆಯ ಹೆಸರು ನೋಡಿದರೇ ಗೊತ್ತಾಗೋದು.

ಮೊತ್ತ ಒತ್ತಿದೆ. ಸೊಪ್ಪು ಆರಿಸಿದ್ದೆನಲ್ಲ, ಬೆರಳು ತೇವವಾಗಿತ್ತು. ತೇವದ ಬೆರಳಿಗೆ ಪರದೆ ಸರಿಯಾಗಿ ಮಾತು ಕೇಳುವುದಿಲ್ಲ. ಒಂದು ಸಲ ಒತ್ತಿದ್ದನ್ನು ಹಿಡಿಯೋದೇ ಇಲ್ಲ, ಇನ್ನೊಂದು ಸಲ ಒಂದನ್ನು ಎರಡು ಮಾಡುತ್ತದೆ. ನನಗೆ ಅದು ಗೊತ್ತಾಗಲಿಲ್ಲ. ಮುಂದೆ ಒತ್ತಿದೆ. ಪಿನ್ ಹಾಕುವ ಪುಟ ಬಂತು.

ಆ ಪುಟದಲ್ಲಿ ಪಿನ್ ಹಾಕುವ ಜಾಗದ ಮೇಲುಗಡೆ ಯಾರಿಗೆ, ಎಷ್ಟು ಅಂತ ಬರೆದಿರುತ್ತದೆ. ಅಭ್ಯಾಸ ಮಾಡುವಾಗ ಒಂದು ರೂಪಾಯಿ ಅಂತ ನಾನು ಅದನ್ನು ಗಮನಿಸಿರಲೇ ಇಲ್ಲ. ಈಗ ಅಲ್ಲಿ 888 ಅಂತ ಇತ್ತು. ಎದೆ ಧಸಕ್ಕೆಂದಿತು. ಆದರೆ ದುಡ್ಡು ಇನ್ನೂ ನನ್ನದೇ. ಪಿನ್ನಿನ ಕೊನೆಯ ಅಂಕಿ ಹಾಕಿ ಸರಿ ಗುರುತು ಒತ್ತುವವರೆಗೂ ಏನೂ ಹೋಗುವುದಿಲ್ಲ. ಹಿಂದಕ್ಕೆ ಬಂದೆ. ಸೆರಗಿನಲ್ಲಿ ಬೆರಳು ಒರೆಸಿದೆ, ಪರದೆಯನ್ನೂ ಒರೆಸಿದೆ. ಮತ್ತೆ ಎಂಬತ್ತೆಂಟು ಹಾಕಿದೆ. ಪಿನ್ ಪುಟದಲ್ಲಿ ಹೆಸರು ಒಂದು ಸಲ, ಮೊತ್ತ ಎರಡು ಸಲ ಬಾಯಿಬಿಟ್ಟು ಓದಿದೆ. ಹಿಂದೆ ಯಾರೋ ನಿಂತಿದ್ದರು. ನಿಂತಿರಲಿ ಅಂತ ಅಂಗೈ ಅಡ್ಡ ಹಿಡಿದು ಪಿನ್ ಹಾಕಿದೆ.

ಆಗ ನನಗೆ ಸಮಾಧಾನವಾಯಿತು. ಎಣಿಸೋ ಜಾಗ ಇದೇ! ನೋಟು ಬೆರಳಲ್ಲಿ ಸರಿಸುವ ಹೊತ್ತು ಇದೇ ಪುಟ.

ಮೊಮ್ಮಗಳು ಪಿನ್ ಇಲ್ಲದೆ ಸಣ್ಣ ಮೊತ್ತ ಕೊಡುವ ಯುಪಿಐ ಲೈಟ್ ಹಾಕಿಕೊಡ್ತೀನಿ ಅಂದಿದ್ದಳು. ಬಸ್ಸಿಗೆ, ಕಾಫಿಗೆ ಅವಳಿಗೆ ಅದು ಅನುಕೂಲ. ನನಗೆ ಬೇಡ ಅಂದೆ. ಅದರಲ್ಲಿ ಈ ಪುಟವೇ ಬರುವುದಿಲ್ಲವಲ್ಲ, ನಾನು ನಿಂತು ನೋಡೋದು ಎಲ್ಲಿ?

ನನ್ನ ಫೋನಿನಲ್ಲಿ ಹಸಿರು ಗುರುತು ಬಂತು. ನಾನು ಹೊರಡಲಿಲ್ಲ. ನನ್ನ ಫೋನ್ ಏನು ತೋರಿಸುತ್ತೆ ಅನ್ನೋದು ಅವನಿಗೆ ಲೆಕ್ಕವಲ್ಲ, ಅವನಿಗೆ ಮುಟ್ಟಬೇಕು. ಸುಳ್ಳು ಪರದೆ ತೋರಿಸಿ ಹೋದವರು ಅವನಿಗೂ ಸಿಕ್ಕಿದ್ದಾರಂತೆ. ತಕ್ಕಡಿ ಪಕ್ಕದಲ್ಲಿ, ದುಡ್ಡು ಬಂದರೆ ಕೂಗಿ ಹೇಳುವ ಪೆಟ್ಟಿಗೆ ಎರಡು ಕ್ಷಣ ಸುಮ್ಮನಿತ್ತು. ಆಮೇಲೆ ಕನ್ನಡದಲ್ಲೇ ಎಂಬತ್ತೆಂಟು ರೂಪಾಯಿ ಅಂತ ಕೂಗಿತು. ನನ್ನ ಬಾಯಿಂದ ನಾನೇ ಎರಡು ಸಲ ಹೇಳಿದ್ದ ಮೊತ್ತ.

"ಬಂತು ಅಮ್ಮ" ಅಂದ.

"ಪೆಟ್ಟಿಗೆ ಕೂಗದೇ ಇದ್ರೆ ಏನು ಮಾಡ್ತೀಯಪ್ಪ?"

"ಅವಳಿಗೆ ಫೋನ್ ಮಾಡಿ ಕೇಳ್ತೀನಿ. ನೀವು ಮಾತ್ರ ಇನ್ನೊಂದು ಸಲ ಹಾಕ್ಬೇಡಿ, ಮೊದಲು ನಿಮ್ಮ ಖಾತೆಯಿಂದ ಹೋಯ್ತಾ ನೋಡ್ಕೊಳಿ."

ಅವನು ಹೇಳಿದ್ದು ಸರಿ. ನನ್ನಿಂದ ಹೋಗಿ ಅವನಿಗೆ ಮುಟ್ಟದೆ ನಡುವೆ ನಿಂತ ದುಡ್ಡು ಸಾಮಾನ್ಯವಾಗಿ ತಾನೇ ವಾಪಸ್ ಬರುತ್ತದೆ, ಆದರೆ ಒಂದೆರಡು ದಿನ, ಕೆಲವು ಸಲ ಇನ್ನೂ ಜಾಸ್ತಿ ಹಿಡಿಯುತ್ತದೆ. ಗಾಬರಿಯಲ್ಲಿ ಎರಡನೇ ಸಲ ಒತ್ತಿದರೆ ಎರಡೂ ಹೋಗಬಹುದು. ಅಂಥ ದಿನಕ್ಕೆ ಅಂತ ಪರ್ಸಿನಲ್ಲಿ ಈಗಲೂ ಇನ್ನೂರು ರೂಪಾಯಿ ಇಟ್ಟುಕೊಂಡಿರುತ್ತೇನೆ.

ಚೀಲ ಎತ್ತಿಕೊಂಡೆ. ಈ ಸಲ ಬಾಕಿ ಏನೂ ಇರಲಿಲ್ಲ, ಮೆಣಸಿನಕಾಯಿ ಹಾಕೋಕೆ ಕಾರಣವೂ ಇರಲಿಲ್ಲ. ನಾಲ್ಕು ಹೆಜ್ಜೆ ಹಾಕಿದ್ದೆ, ಹಿಂದಿನಿಂದ ಕರೆದ.

"ಅಮ್ಮ, ಕರಿಬೇವು ಮರೆತ್ರಿ."

ಒಂದು ಹಿಡಿ ಮುರಿದು ಕೊತ್ತಂಬರಿ ಮೇಲೆ ಇಟ್ಟ.