ಅಕ್ಕನ ಮಗಳ ಹದಿನಾಲ್ಕು ಲಕ್ಷ: ಆರು ವರ್ಷ ನಾನು ಹೇಗೆ ನೋಡಿಕೊಂಡೆ

ಅಕ್ಕ ಮೊದಲು ಹೋದಳು, ಎರಡು ವರ್ಷಕ್ಕೆ ಭಾವನೂ ಹೋದರು. ಅವರ ಒಬ್ಬಳೇ ಮಗಳಿಗೆ ಆಗ 12 ವರ್ಷ. ಗದಗಿನಲ್ಲಿ ನಮ್ಮ ಮನೆಗೇ ಬಂದಳು. ಭಾವನ ಠೇವಣಿ, ಕೆಲಸದ ಕಡೆಯಿಂದ ಬಂದ ಹಣ ಎಲ್ಲ ಸೇರಿ 14 ಲಕ್ಷ ರೂಪಾಯಿ ಅವಳ ಹೆಸರಿಗೆ ಬರಬೇಕಿತ್ತು.

ಸೋದರಮಾವ ಅಂದಮಾತ್ರಕ್ಕೆ ಆ ಹಣ ಕೈಗೆ ಬರುವುದಿಲ್ಲ. ತಂದೆ ತಾಯಿ ಇಬ್ಬರೂ ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಗಾರ್ಡಿಯನ್ ಆಗಬೇಕು. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ನಾನೂ ಹಾಗೇ ಆದೆ. ಆದೇಶದಲ್ಲಿ ಮೂರು ಮಾತಿತ್ತು: ಅಸಲು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು, ಬಡ್ಡಿಯನ್ನು ಹುಡುಗಿಯ ಊಟ, ಬಟ್ಟೆ, ಓದಿಗೆ ಖರ್ಚು ಮಾಡಬಹುದು, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು.

ಎಫ್‌ಡಿ ಮಾಡಿಸುವ ದಿನ ಬ್ಯಾಂಕಿನವರು ಒಂದೇ ರಸೀದಿ ಬರೆಯಲು ಹೊರಟಿದ್ದರು. ನಾನು ಎರಡೆರಡು ಲಕ್ಷದ ಏಳು ಮಾಡಿಸಿದೆ. ಎಲ್ಲಾ ಒಂದೇ ಎಫ್‌ಡಿಯಲ್ಲಿದ್ದರೆ ನಡುವೆ ಒಂದಿಷ್ಟು ಬೇಕಾದಾಗ ಪೂರ್ತಿ ಮುರಿಯಬೇಕಾಗುತ್ತದೆ, ಆಗ ಇಡೀ ಹಣದ ಬಡ್ಡಿ ತಗ್ಗುತ್ತದೆ, ಅಲ್ವಾ? ಶೇಕಡಾ 7ರ ಬಡ್ಡಿಗೆ ವರ್ಷಕ್ಕೆ 98,000 ಬರುತ್ತಿತ್ತು, ತಿಂಗಳಿಗೆ ಎಂಟು ಸಾವಿರದ ಮೇಲೆ. ಅದು ಅವಳದೇ ಉಳಿತಾಯ ಖಾತೆಗೆ ಬೀಳುವ ಹಾಗೆ ಬರೆಸಿದೆ. ಅವಳ ಹೆಸರಿನಲ್ಲೇ ಪ್ಯಾನ್ ಕಾರ್ಡೂ ಮಾಡಿಸಿದೆ. ನಾನು ತಂದೆಯಲ್ಲ, ಹೀಗಾಗಿ ತೆರಿಗೆ ಲೆಕ್ಕದಲ್ಲಿ ಆ ಬಡ್ಡಿ ನನ್ನ ಆದಾಯಕ್ಕೆ ಸೇರುವುದಿಲ್ಲ.

ಒತ್ತಡ ಬಂದದ್ದು ಮನೆಯವರಿಂದಲೇ. ಕಾಕಾ ಒಬ್ಬರು, "ಸೊಸೈಟಿಯಾಗ ಇಡೋ, ಹತ್ತು ಪರ್ಸೆಂಟ್ ಕೊಡ್ತಾರ" ಅಂತ ಹೇಳುತ್ತಲೇ ಇದ್ದರು. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಸೊಸೈಟಿ ಠೇವಣಿಗೆ ಅದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆದೇಶ ಮೀರಿ ನಾನು ಜಾಸ್ತಿ ಬಡ್ಡಿಗೆ ಹಾಕಿ ಮುಳುಗಿದರೆ ಅದನ್ನು ನನ್ನ ಕೈಯಿಂದ ತುಂಬಬೇಕಾಗುತ್ತಿತ್ತು. ಅತ್ತೆ ಮದುವೆಗೆ ಬಂಗಾರ ಮಾಡಿಸು ಅಂದರು. ಬಂಗಾರ ಬಡ್ಡಿ ತರುವುದಿಲ್ಲ, ಹುಡುಗಿಯ ಶಾಲೆ ನಡೆಯುತ್ತಿದ್ದದ್ದೇ ಬಡ್ಡಿಯ ಮೇಲೆ. ಇಬ್ಬರಿಗೂ ಆದೇಶದ ಪ್ರತಿ ತೋರಿಸಿದೆ. ನಾನು ಒಲ್ಲೆ ಅಂದಾಗ ಅವರಿಗೆ ಬಂದ ಸಿಟ್ಟು ಕೋರ್ಟಿನ ಸೀಲು ನೋಡಿದಾಗ ಇಳಿಯಿತು.

ನಾನೂ ಒಂದು ತಪ್ಪು ಮಾಡಿದೆ. ಎರಡನೇ ವರ್ಷ ಶಾಲೆಯ ಫೀ ಕಟ್ಟಲು 11,000 ತೆಗೆದು, ಮರುದಿನ ನನ್ನ ಅಂಗಡಿಗೆ ಮಾಲು ಬಂತೆಂದು ಅದನ್ನೇ ಕೊಟ್ಟುಬಿಟ್ಟೆ. ಮೂರು ದಿನಕ್ಕೆ ನನ್ನ ಹಣದಿಂದ ಫೀ ಕಟ್ಟಿದೆ. ಹುಡುಗಿಗೆ ಒಂದು ಪೈಸೆ ನಷ್ಟವಾಗಲಿಲ್ಲ. ಆದರೆ ಲೆಕ್ಕ ಕೊಡುವಾಗ ವಕೀಲರು ರಸೀದಿಯ ತಾರೀಖು ಮತ್ತು ಪಾಸ್‌ಬುಕ್ ತಾರೀಖು ಎರಡನ್ನೂ ಬೆರಳಿಟ್ಟು ತೋರಿಸಿದರು. "ಈ ಮೂರು ದಿನ ಹಣ ಎಲ್ಲಿತ್ತು?" ನನ್ನ ಬಳಿ ಉತ್ತರ ಇರಲಿಲ್ಲ. ನಡೆದದ್ದನ್ನು ಹಾಗೇ ಬರೆದುಕೊಟ್ಟೆ. ಅಂದಿನಿಂದ ಫೀ, ಬಸ್ ಪಾಸು, ಔಷಧಿ, ಎಲ್ಲ ಅವಳ ಖಾತೆಯಿಂದ ನೇರವಾಗಿ ಹೋಗುವಂತೆ ಮಾಡಿದೆ.

ದೊಡ್ಡ ಪ್ರಶ್ನೆ ಬಂದದ್ದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಅವಳಿಗೆ ಧಾರವಾಡದಲ್ಲಿ ಪಿಯು ಸೈನ್ಸ್ ಓದಬೇಕಿತ್ತು. ಕಾಲೇಜು, ಹಾಸ್ಟೆಲ್ ಸೇರಿ ಮೊದಲ ವರ್ಷಕ್ಕೆ 1,60,000. ಬಡ್ಡಿ ಸಾಲದು. ಅಸಲು ಮುಟ್ಟಲು ನ್ಯಾಯಾಲಯ ಹೇಳಬೇಕು. ಮೊದಲು ಖರ್ಚು ಮಾಡಿ ಆಮೇಲೆ ಒಪ್ಪಿಗೆ ಕೇಳುವುದಲ್ಲ. ಆ ಕಾಯ್ದೆಯ 33ನೇ ಕಲಮಿನಲ್ಲಿ ಇನ್ನೊಂದು ಅನುಕೂಲವೂ ಇದೆ: ಹಣ ನೋಡಿಕೊಳ್ಳುವಾಗ ಗೊಂದಲ ಬಂದರೆ ಗಾರ್ಡಿಯನ್ ನ್ಯಾಯಾಲಯದ ಸಲಹೆಯನ್ನೇ ಕೇಳಬಹುದು, ಇದ್ದದ್ದನ್ನು ಇದ್ದಂತೆ ಹೇಳಿ ಆ ಸಲಹೆಯಂತೆ ನಡೆದರೆ ಆಮೇಲೆ ಹೊಣೆ ಅವನ ತಲೆಗೆ ಬರುವುದಿಲ್ಲ. ಇದು ಗೊತ್ತಾದಾಗ ನನ್ನ ಎದೆಯ ಭಾರ ಇಳಿಯಿತು.

ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿದೆವು. ಅಂಕಪಟ್ಟಿ, ಕಾಲೇಜಿನ ಫೀ ಪಟ್ಟಿ, ಹಾಸ್ಟೆಲ್ ಪತ್ರ, ಆವರೆಗಿನ ಲೆಕ್ಕ, ಇಷ್ಟೂ ಲಗತ್ತಿಸಿದ್ದೆವು. ಆದೇಶ ಬರಲು ಏಳು ವಾರ ಹಿಡಿಯಿತು, ಕಾಲೇಜಿನವರಿಂದ ಅಷ್ಟು ಕಾಲಾವಕಾಶ ಪತ್ರ ಬರೆದೇ ಕೇಳಿಕೊಂಡಿದ್ದೆ. ಒಂದು ಎಫ್‌ಡಿ ಮಾತ್ರ ಮುರಿಯಬೇಕು, ಹಣ ನನ್ನ ಕೈಗೆ ಬರದೆ ಡಿಡಿ ಮೂಲಕ ಕಾಲೇಜಿಗೆ ಹೋಗಬೇಕು, ಉಳಿದದ್ದನ್ನು ಮತ್ತೆ ಎಫ್‌ಡಿ ಮಾಡಬೇಕು ಅಂತ ಆದೇಶ. ಉಳಿದ 40,000 ಮತ್ತೆ ಅವಳ ಹೆಸರಿಗೇ ಹೋಯಿತು. ಎರಡನೇ ವರ್ಷಕ್ಕೂ ಹೀಗೇ ಅರ್ಜಿ ಹಾಕಿದೆವು.

ಈ ಮೇ ತಿಂಗಳಲ್ಲಿ ಅವಳಿಗೆ 18 ತುಂಬಿತು. ಆಧಾರ್ ತಗೊಂಡು ಬ್ಯಾಂಕಿಗೆ ಹೋಗಿ ಖಾತೆಯಲ್ಲಿ ನನ್ನ ಸಹಿ ತೆಗೆಸಿ ಅವಳ ಸಹಿ ಹಾಕಿಸಿದೆವು. ಕೊನೆಯ ಲೆಕ್ಕ ಕೋರ್ಟಿಗೂ ಕೊಟ್ಟೆ. ಮನೆಗೆ ಬಂದು ಆರು ವರ್ಷದ ಲೆಕ್ಕದ ಪುಸ್ತಕ ಅವಳ ಮುಂದಿಟ್ಟೆ. ರಾತ್ರಿ ಹತ್ತರವರೆಗೆ ಓದಿದಳು. ಒಂದು ಪುಟಕ್ಕೆ ಬಂದು, "ಮಾಮಾ, ಈ 11,000ದ ಮುಂದ ಏನೋ ಬರೆದೀರಲ್ಲ, ಏನದು?" ಅಂದಳು. ಹೇಳಿದೆ.