ಸಂದರ್ಶನದ ಧಾಟಿಯ ಡಿಕ್ಟೇಷನ್ನಿನಿಂದ ಮಾನಸಿಕ ಸ್ಥಿತಿ ಪರೀಕ್ಷೆಯ ವರದಿ: ನನ್ನ ಅನುಭವ

ಶಿರಸಿಯ ಮನೆಯಲ್ಲಿಯೇ ಕುಳಿತು ಮನೋವೈದ್ಯರೊಬ್ಬರ ಧ್ವನಿಮುದ್ರಣಗಳನ್ನು ಟೈಪು ಮಾಡುವುದು ನನ್ನ ಕೆಲಸ. ಅವರು ಶೀರ್ಷಿಕೆ ಹೇಳಿ ಡಿಕ್ಟೇಟ್ ಮಾಡುವವರಲ್ಲ. ತಾವು ಕೇಳಿದ್ದು, ರೋಗಿ ಹೇಳಿದ್ದು, ತಮಗೆ ಕಂಡದ್ದು ಎಲ್ಲವನ್ನೂ ನಡೆದ ಕ್ರಮದಲ್ಲಿಯೇ ಹೇಳಿಕೊಂಡು ಹೋಗುತ್ತಾರೆ. ಅದನ್ನು ತೋರಿಕೆ ಮತ್ತು ವರ್ತನೆ, ಮಾತು, ಮೂಡ್, ಅಫೆಕ್ಟ್, ಯೋಚನೆಯ ಹರಿವು, ಯೋಚನೆಯ ವಿಷಯ, ಗ್ರಹಿಕೆ, ಅರಿವಿನ ಶಕ್ತಿ, ಇನ್‌ಸೈಟ್, ಜಡ್ಜ್‌ಮೆಂಟ್ ಎಂಬ ಶೀರ್ಷಿಕೆಗಳ ಕೆಳಗೆ ಹಂಚಬೇಕು.

ಹಂಚುವ ಮೊದಲು ಪ್ರತಿ ವಾಕ್ಯಕ್ಕೂ ಎರಡು ಪ್ರಶ್ನೆ ಹಾಕುತ್ತೇನೆ: ಇದು ಯಾರ ಮಾತು, ಮತ್ತು ಯಾವಾಗಿನ ಸಂಗತಿ? ಮಾನಸಿಕ ಸ್ಥಿತಿ ಪರೀಕ್ಷೆಯೆಂದರೆ ಸಂದರ್ಶನದ ಹೊತ್ತಿನಲ್ಲಿ ವೈದ್ಯರಿಗೆ ಕಂಡ ಮತ್ತು ಕೇಳಿದ ಸ್ಥಿತಿಯ ದಾಖಲೆ. ಮನೆಯವರು ಹೇಳಿದ್ದೂ ಹಿಂದೆ ನಡೆದದ್ದೂ ಕಾಯಿಲೆಯ ಇತಿಹಾಸಕ್ಕೆ ಸೇರುತ್ತವೆ. ಶೀರ್ಷಿಕೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಎರಡು ಪ್ರಶ್ನೆಗಳೇ ನನಗೆ ಹೆಚ್ಚು ನೆರವಾಗಿವೆ.

ಗುರುತು ಸಿಗದಂತೆ ವಿವರ ಬದಲಿಸಿದ ಒಂದು ಮಾದರಿಯನ್ನು ನೋಡೋಣ. ಧ್ವನಿಮುದ್ರಣದಲ್ಲಿ ಹೀಗಿತ್ತು: "ವಯಸ್ಸಾದ ಹೆಂಗಸು, ಮಗನ ಜೊತೆ ಬಂದರು. ಸೆರಗಿನ ತುದಿ ತಿರುಚುತ್ತ ಕುಳಿತಿದ್ದರು. ಹೇಗಿದ್ದೀರಿ ಎಂದೆ, 'ಎಂತದೂ ಬ್ಯಾಡ ಅನ್ನಿಸ್ತು' ಎಂದರು, ಹೇಳುತ್ತಲೇ ಸಣ್ಣಗೆ ನಕ್ಕರು. ರಾತ್ರಿ ಒಬ್ಬರೇ ಮಾತಾಡುತ್ತಾರೆಂದು ಮಗ ಹೇಳಿದ. ದನಿ ಕೇಳಿಸುತ್ತದೆಯೇ ಎಂದೆ, ಇಲ್ಲ ಎಂದರು. ಆದರೆ ಎರಡು ಸಲ ಮಾತು ನಿಲ್ಲಿಸಿ ಕಿಟಕಿಯತ್ತ ತಿರುಗಿದರು. ಹೋದ ತಿಂಗಳು ಬಾವಿಗೆ ಹಾರಬೇಕು ಅನ್ನಿಸಿತ್ತಂತೆ, ಈಗ ಇಲ್ಲವಂತೆ. ನೂರರಿಂದ ಏಳೇಳು ಕಳೆಯಲು ಹೇಳಿದೆ. 93, 86, 80 ಎಂದು ನಿಲ್ಲಿಸಿದರು."

ಸೆರಗು ತಿರುಚಿದ್ದು ವರ್ತನೆಯ ಕೆಳಗೆ ಹೋಯಿತು, ಅದರಲ್ಲಿ ಗೊಂದಲವಿಲ್ಲ. ಮೂಡ್ ಎಂಬುದು ರೋಗಿ ತಾನೇ ಹೇಳಿಕೊಳ್ಳುವ ಮನಸ್ಸಿನ ಸ್ಥಿತಿಯಾದ್ದರಿಂದ ಆಕೆಯ ಮಾತನ್ನು ಅದೇ ಹವ್ಯಕ ನುಡಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಇಟ್ಟೆ. 'ಖಿನ್ನತೆ' ಎಂದು ತಿದ್ದಿದ್ದರೆ ಅದು ಆಕೆಯ ಮಾತಾಗಿ ಉಳಿಯದೆ ನನ್ನ ರೋಗನಿರ್ಣಯವಾಗುತ್ತಿತ್ತು. ಆ ನಗು ವೈದ್ಯರ ಕಣ್ಣಿಗೆ ಬಿದ್ದದ್ದು, ಹಾಗಾಗಿ ಹೊರಗೆ ಕಾಣುವ ಭಾವವಾದ ಅಫೆಕ್ಟ್‌ಗೆ ಸೇರಿತು. ಅದು ಮೂಡಿಗೆ ಹೊಂದುವುದಿಲ್ಲವೆಂದು ಯಾರಿಗಾದರೂ ತೋರೀತು, ಆದರೆ ವೈದ್ಯರು ಹಾಗೆ ಹೇಳದಿದ್ದಾಗ ನಾನು ಬರೆಯುವಂತಿಲ್ಲ. ಮುಜುಗರದಿಂದಲೂ ಜನ ನಗುತ್ತಾರೆ.

ಹೆಚ್ಚು ಹೊತ್ತು ಹಿಡಿದದ್ದು ಗ್ರಹಿಕೆಯ ಭಾಗ. ಒಬ್ಬರೇ ಮಾತಾಡುತ್ತಾರೆಂಬುದು ಮಗನ ಹೇಳಿಕೆ, ಅದು ಇತಿಹಾಸಕ್ಕೆ ಹೋಯಿತು. ದನಿ ಕೇಳಿಸುವುದಿಲ್ಲವೆಂದು ರೋಗಿ ಹೇಳಿದ್ದನ್ನೂ ಕಿಟಕಿಯತ್ತ ತಿರುಗಿದ್ದನ್ನೂ ಗ್ರಹಿಕೆಯ ಕೆಳಗೆ ಬೇರೆ ಬೇರೆ ವಾಕ್ಯಗಳಾಗಿ ಬರೆದೆ. 'ಭ್ರಮೆಗಳಿಲ್ಲ' ಎಂದು ಚುಟುಕಾಗಿ ಬರೆದರೆ ಎರಡನೆಯ ಸಂಗತಿ ಅಳಿಸಿಹೋಗುತ್ತದೆ; 'ಇಲ್ಲದ ದನಿಗೆ ಸ್ಪಂದಿಸುತ್ತಿದ್ದರು' ಎಂದರೆ ಮೊದಲನೆಯದಕ್ಕೆ ಬೆಲೆಯಿಲ್ಲ. 'ಇಲ್ಲ' ಮತ್ತು 'ಇಲ್ಲವೆಂದರು' ಇವುಗಳ ನಡುವಿನ ಅಂತರವನ್ನು ಈ ವರದಿಯಲ್ಲಿ ಎಲ್ಲಿಯೂ ಬಿಡಬಾರದು.

ಬಾವಿಯ ಮಾತನ್ನು ಒಡೆಯಬೇಕಾಯಿತು. ಹೋದ ತಿಂಗಳ ಯೋಚನೆ ಇತಿಹಾಸಕ್ಕೂ, ಈಗ ಇಲ್ಲವೆಂಬ ಉತ್ತರ ಯೋಚನೆಯ ವಿಷಯಕ್ಕೂ ಹೋದವು. ಆದರೆ ಮುಂದೆ ಓದುವ ವೈದ್ಯರು ಈ ಭಾಗವನ್ನಷ್ಟೇ ನೋಡಿ ಅಪಾಯವೇ ಇರಲಿಲ್ಲವೆಂದು ತಿಳಿಯುವ ಸಾಧ್ಯತೆ ಇರುವುದರಿಂದ 'ಹಿಂದಿನ ಯೋಚನೆಗೆ ಇತಿಹಾಸ ನೋಡಿ' ಎಂದು ಪಕ್ಕದಲ್ಲಿ ಸೂಚಿಸುತ್ತೇನೆ.

ಲೆಕ್ಕವನ್ನು ಅರಿವಿನ ಶಕ್ತಿಯ ಭಾಗವಾದ ಗಮನ ಮತ್ತು ಏಕಾಗ್ರತೆಯ ಕೆಳಗೆ ಆಕೆ ಹೇಳಿದ ಅಂಕಿಗಳಲ್ಲಿಯೇ ಬರೆದೆ. ಸರಿಯುತ್ತರಗಳ ಸಾಲು 93, 86, 79, 72, 65. ಮೂರನೆಯದರಲ್ಲಿ ತಪ್ಪಿ ನಿಂತರೆಂಬುದು ಅಂಕಿಗಳಿಂದಲೇ ತಿಳಿಯುತ್ತದೆ. 'ಏಕಾಗ್ರತೆ ಕುಂದಿದೆ' ಎಂಬ ತೀರ್ಮಾನ ನನ್ನದಲ್ಲ, ಏಕೆಂದರೆ ಆಕೆ ಎಷ್ಟು ಓದಿದ್ದಾರೆಂಬುದನ್ನು ನೋಡದೆ ಈ ಪರೀಕ್ಷೆಯನ್ನು ಅಳೆಯಲಾಗದು.

ಮುದ್ರಣದಲ್ಲಿ ದಿನ, ಸ್ಥಳ, ವ್ಯಕ್ತಿಗಳ ಅರಿವಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಇನ್‌ಸೈಟ್, ಅಂದರೆ ತನ್ನ ಕಾಯಿಲೆಯ ಬಗ್ಗೆ ರೋಗಿಗೇ ಇರುವ ತಿಳಿವಳಿಕೆ, ಅದರ ಬಗ್ಗೆಯೂ ಇರಲಿಲ್ಲ. ಇಂಥಲ್ಲಿ ಹಳೆಯ ವರದಿಯಿಂದ 'ನಾರ್ಮಲ್' ಎಂದು ತಂದು ತುಂಬುವ ಅಭ್ಯಾಸ ಕೆಲವರಿಗಿದೆ. ಮಾಡದ ಪರೀಕ್ಷೆಯನ್ನು ಮಾಡಿದಂತೆ ತೋರಿಸುವ ಆ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಇನ್‌ಸೈಟನ್ನು ನಮ್ಮಲ್ಲಿ 1ರಿಂದ 6ರವರೆಗಿನ ದರ್ಜೆಯಲ್ಲಿ ಬರೆಯುವುದು ರೂಢಿ. ಕಾಯಿಲೆಯನ್ನು ಪೂರ್ತಿ ನಿರಾಕರಿಸಿದರೆ 1. ಆಕೆ ಮಗನೊಡನೆ ತಾನಾಗಿ ಬಂದರೋ, ಒತ್ತಾಯಕ್ಕೆ ಬಂದರೋ ಎಂಬುದರಿಂದ ದರ್ಜೆಯನ್ನು ಊಹಿಸುವುದು ಸಲ್ಲದು. ಎರಡೂ ಕಡೆ 'ಹೇಳಿಲ್ಲ' ಎಂದು ಬರೆದು, ಹಳದಿ ಬಣ್ಣ ಹಚ್ಚಿ, ವೈದ್ಯರಿಗೆ ಪ್ರಶ್ನೆ ಕಳಿಸಿದೆ. ದಿನ, ಸ್ಥಳ ಕೇಳಿದ್ದೆ, ಸರಿಯಾಗಿ ಹೇಳಿದ್ದರು, ಧ್ವನಿಮುದ್ರಿಸಲು ಬಿಟ್ಟುಹೋಗಿತ್ತು ಎಂದು ಅವರು ಉತ್ತರಿಸಿದರು. ಇನ್‌ಸೈಟನ್ನು ಮುಂದಿನ ಭೇಟಿಯಲ್ಲಿ ನೋಡುವುದಾಗಿ ಹೇಳಿ ಆ ಸಾಲನ್ನು ಹಾಗೆಯೇ ಉಳಿಸಿ ಸಹಿ ಮಾಡಿದರು.